ಒಂದು ಮಗು, ಎರಡು ಎತ್ತರ

ಗುರುವಾರ, ರಾತ್ರಿ

ಇವತ್ತು ಶಿಬಿರದಲ್ಲಿ ಒಂದೇ ಮಗುವಿಗೆ ಎರಡು ಎತ್ತರ ಬಂತು. ಮೊದಲ ಕೋಣೆಯ ರಿಜಿಸ್ಟರಿನಲ್ಲಿ 88.7 ಸೆಂಟಿಮೀಟರ್, ಎರಡನೇ ಕೋಣೆಯಲ್ಲಿ 86.9. ಮಗುವನ್ನು ಕರೆದುಕೊಂಡು ಬಂದಿದ್ದ ಅಜ್ಜಿ ಮೊದಲ ಕೋಣೆಯಲ್ಲಿ ಅಳತೆ ಮುಗಿಸಿ ಹೊರಗೆ ಬಂದವರು, ಗೊತ್ತಾಗದೆ ಎರಡನೇ ಕೋಣೆಯ ಸಾಲಿನಲ್ಲೂ ನಿಂತುಬಿಟ್ಟಿದ್ದರು. ಅವರು ಹಾಗೆ ನಿಲ್ಲದೇ ಹೋಗಿದ್ದರೆ ಮೊದಲ ಸಂಖ್ಯೆಯೇ ಆ ಹುಡುಗಿಯ ಎತ್ತರವೆಂದು ದಾಖಲಾಗಿ, ಸಂಜೆ ವರದಿಯ ಜೊತೆ ಜಿಲ್ಲೆಗೆ ಹೋಗುತ್ತಿತ್ತು. ಇದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡಬೇಕು ಎನಿಸಿತು.

ಊರು ಕೊಪ್ಪಳ ಜಿಲ್ಲೆಯದು. ನಮ್ಮ ಸಮುದಾಯ ವೈದ್ಯಕೀಯ ವಿಭಾಗದ ಆರೋಗ್ಯ ಶಿಬಿರ. ಐದು ವರ್ಷದೊಳಗಿನ ಮಕ್ಕಳ ತೂಕ, ಎತ್ತರ ನೋಡುವುದು ನಮ್ಮ ತಂಡದ ಪಾಲಿನ ಕೆಲಸ. ಮೊದಲ ಕೋಣೆ ಅಂಗನವಾಡಿಯದು. ಅಲ್ಲಿ ಗೋಡೆಗೆ ತೂಗುಹಾಕಿದ ಟೇಪಿನ ಮೀಟರ್ ಇದೆ. ಎರಡನೆಯದು ಶಾಲೆಯ ಕೋಣೆ. ಅಲ್ಲಿ ನಾವು ಕಾಲೇಜಿನಿಂದ ತಂದ, ಕೆಳಗೆ ಪೀಠವಿರುವ ಸ್ಟೇಡಿಯೋಮೀಟರ್ ಇಟ್ಟಿದ್ದೆವು.

ಹುಡುಗಿಗೆ ಮೂರು ವರ್ಷ ತುಂಬಿ ಕೆಲವೇ ದಿನಗಳಾಗಿವೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಕೋಷ್ಟಕದಲ್ಲಿ ಮೂರು ವರ್ಷದ ಹೆಣ್ಣುಮಗುವಿನ ಮಧ್ಯಮ ಎತ್ತರ 95.1 ಸೆಂಟಿಮೀಟರ್. ಅದಕ್ಕಿಂತ ಕಡಿಮೆ ಇದ್ದಾಕ್ಷಣ ಏನೂ ಆಗುವುದಿಲ್ಲ. ಆರೋಗ್ಯವಂತ ಮಕ್ಕಳಲ್ಲೂ ಅರ್ಧದಷ್ಟು ಮಂದಿ ಅದಕ್ಕಿಂತ ಕೆಳಗೇ ಇರುತ್ತಾರೆ. ಆದರೆ 87.4ಕ್ಕಿಂತ ಕೆಳಗಿಳಿದರೆ ಆ ಮಗುವನ್ನು ‘ಕುಂಠಿತ ಬೆಳವಣಿಗೆ’ ಎಂದು ಗುರುತಿಸುತ್ತಾರೆ. ಈಗ ನಮ್ಮ ಎರಡು ಸಂಖ್ಯೆಗಳನ್ನು ಈ ಗೆರೆಯ ಪಕ್ಕ ಇಟ್ಟು ನೋಡಿ. ಮೊದಲ ಕೋಣೆಯ ಪ್ರಕಾರ ಹುಡುಗಿ ಸರಿಯಾಗಿದ್ದಾಳೆ. ಎರಡನೆಯದರ ಪ್ರಕಾರ ಅವಳ ಹೆಸರು ಪಟ್ಟಿಗೆ ಸೇರಬೇಕು.

‘ನಮ್ಮ ಕಡೆ ಮಕ್ಕಳೇ ಗಿಡ್ಡ, ಹೊರಗಿನ ಅಳತೆಗೋಲು ನಮಗೇಕೆ’ ಎಂದು ಕೇಳುವವರಿದ್ದಾರೆ. ಆ ಕೋಷ್ಟಕವನ್ನು ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ್ದು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ಎದೆಹಾಲು, ಊಟ, ಲಸಿಕೆ, ಸ್ವಚ್ಛತೆ ಸರಿಯಾಗಿ ಸಿಕ್ಕ ಮಕ್ಕಳು ಮೊದಲ ಐದು ವರ್ಷ ಎಲ್ಲ ಕಡೆಯೂ ಬಹುತೇಕ ಒಂದೇ ರೀತಿ ಬೆಳೆಯುತ್ತಾರೆ ಎಂಬುದು ಆ ಅಧ್ಯಯನದಿಂದ ತಿಳಿದುಬಂತು. ಹಾಗಾಗಿ ಗೆರೆಯ ಬಗ್ಗೆ ನನಗೆ ತಕರಾರಿಲ್ಲ. ಇವತ್ತಿನ ಪ್ರಶ್ನೆ, ಮಗುವನ್ನು ಆ ಗೆರೆಯ ಪಕ್ಕ ನಾವು ಹೇಗೆ ನಿಲ್ಲಿಸಿದೆವು ಎಂಬುದು.

ಎರಡು ಅಳತೆಗಳ ನಡುವಿನ ವ್ಯತ್ಯಾಸ 1.8 ಸೆಂಟಿಮೀಟರ್. ಅದು ಎಲ್ಲಿಂದ ಬಂತೆಂದು ಹುಡುಕಲು ಹುಡುಗಿಯನ್ನು ಮತ್ತೆ ಮೊದಲ ಕೋಣೆಗೆ ಕರೆದುಕೊಂಡು ಹೋದೆವು. ಮೊದಲು ಕಣ್ಣಿಗೆ ಬಿದ್ದದ್ದು ಜುಟ್ಟು. ಶಿಬಿರಕ್ಕೆಂದು ಅಜ್ಜಿ ಎಣ್ಣೆ ಹಚ್ಚಿ, ನೆತ್ತಿಯ ಮೇಲೆ ರಬ್ಬರ್ ಬ್ಯಾಂಡ್ ಸುತ್ತಿ ಬಿಗಿಯಾಗಿ ಕಟ್ಟಿದ್ದರು. ಮೀಟರಿನ ತಲೆಪಟ್ಟಿ ನೆತ್ತಿಗೆ ತಾಗದೆ ಜುಟ್ಟಿನ ಬುಡದ ಮೇಲೆ ನಿಂತಿತ್ತು. ಎರಡನೇ ಕೋಣೆಯಲ್ಲಿ ಗೆಳತಿ ಅದನ್ನು ಬಿಚ್ಚಿಸಿ ಅಳೆದಿದ್ದಳು. ಈಗ ಇಲ್ಲಿಯೂ ಬಿಚ್ಚಿ ಅಳೆದಾಗ 88.2 ಬಂತು. ಅರ್ಧ ಸೆಂಟಿಮೀಟರ್ ಲೆಕ್ಕ ಸಿಕ್ಕಿತು. ಇನ್ನೂ 1.3 ಉಳಿಯಿತು.

ನಿಲ್ಲಿಸಿದ ರೀತಿಯಲ್ಲಿ ತಪ್ಪಿದೆಯೇ ಎಂದು ನೋಡಿದೆವು. ಚಿಕ್ಕ ಮಕ್ಕಳ ಎತ್ತರ ನೋಡಲು ಇಬ್ಬರು ಬೇಕೇ ಬೇಕು. ಒಬ್ಬರು ಮಗುವಿನ ಮುಂದೆ ಮೊಣಕಾಲೂರಿ ಕೂತು, ಒಂದು ಕೈಯಿಂದ ಮೊಣಕಾಲುಗಳನ್ನು ಹಿಂದಕ್ಕೆ ಒತ್ತಿ, ಇನ್ನೊಂದು ಕೈಯಿಂದ ಹಿಮ್ಮಡಿ ಏಳದಂತೆ ಪಾದ ಹಿಡಿಯಬೇಕು. ಹಿಮ್ಮಡಿ, ಮೀನಖಂಡ, ಪೃಷ್ಠ, ಬೆನ್ನಿನ ಮೇಲ್ಭಾಗ, ತಲೆಯ ಹಿಂಭಾಗ ಸಾಧ್ಯವಾದಷ್ಟೂ ಹಲಗೆಗೆ ತಾಗಬೇಕು. ಅಳೆಯುವವರು ಮಗುವಿನ ಗಲ್ಲವನ್ನು ಎಡಗೈಯಲ್ಲಿ ಮೃದುವಾಗಿ ಹಿಡಿದು, ಕಿವಿಯ ರಂಧ್ರ ಮತ್ತು ಕಣ್ಣಿನ ಗುಳಿಯ ಕೆಳ ಅಂಚು ಒಂದೇ ಅಡ್ಡಗೆರೆಯಲ್ಲಿ ಬರುವಂತೆ ತಲೆ ಇರಿಸಬೇಕು. ಪಠ್ಯಪುಸ್ತಕದಲ್ಲಿ ಇದಕ್ಕೆ ಫ್ರಾಂಕ್‌ಫರ್ಟ್ ಪ್ಲೇನ್ ಎನ್ನುತ್ತಾರೆ. ಗಲ್ಲ ಮೇಲೆತ್ತಿದರೂ, ಎದೆಗೆ ಇಳಿಸಿದರೂ ಅಳತೆ ತಪ್ಪುತ್ತದೆ. ಓದುವಾಗ ಓದುವವರ ಕಣ್ಣು ಗೆರೆಯ ಮಟ್ಟಕ್ಕೇ ಇರಬೇಕು. ನಿಂತುಕೊಂಡು ಮೇಲಿನಿಂದ ಬಗ್ಗಿ ಓದಿದರೆ ಒಂದೆರಡು ಗೆರೆ ಆಚೀಚೆ ಆಗುವುದು ಖಂಡಿತ. ಇಷ್ಟನ್ನೂ ಸರಿಪಡಿಸಿ ನೋಡಿದೆವು. ಆದರೂ ಸಂಖ್ಯೆ 88ರ ಆಸುಪಾಸಿನಿಂದ ಕದಲಲಿಲ್ಲ.

ಮಗು ಸರಿ, ನಿಲ್ಲಿಸಿದ್ದು ಸರಿ ಎಂದಾದರೆ ಉಳಿಯುವುದು ಮೀಟರ್. ಅದನ್ನು ಪರೀಕ್ಷಿಸಲು ಉದ್ದ ಖಚಿತವಾಗಿ ಗೊತ್ತಿರುವ ಒಂದು ಕಡ್ಡಿ ಬೇಕು. ದೊಡ್ಡ ಸಮೀಕ್ಷೆಗಳಲ್ಲಿ ಇದಕ್ಕೆಂದೇ ಲೋಹದ ಕಡ್ಡಿ ಇಟ್ಟುಕೊಂಡಿರುತ್ತಾರೆ, ಕೆಲಸ ಶುರುವಾಗುವ ಮೊದಲು ಅದನ್ನು ನಿಲ್ಲಿಸಿ ಉಪಕರಣ ಸರಿ ಓದುತ್ತದೆಯೇ ಎಂದು ನೋಡುತ್ತಾರೆ. ನಮ್ಮ ಬಳಿ ಅಂಥದ್ದು ಇರಲಿಲ್ಲ. ಶಿಬಿರದಲ್ಲಿ ನೆರವಿಗೆ ನಿಂತಿದ್ದ ಆಶಾ ಕಾರ್ಯಕರ್ತೆಯೇ ಉಪಾಯ ಹೇಳಿದರು: ‘ಅರಿವಿ ಅಂಗಡ್ಯಾಗ ಮೀಟರ್ ಕಡ್ಡಿ ಇರ್ತದಲ್ರೀ ಮೇಡಂ, ತರ್ಸಲೇನ್ರೀ?’ ಬಟ್ಟೆ ಅಂಗಡಿಯ ಕಬ್ಬಿಣದ ಕಡ್ಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ. ಅದು ತುದಿಯಿಂದ ತುದಿಗೆ ಒಂದು ಮೀಟರ್. ಹುಡುಗನೊಬ್ಬ ಓಡಿಹೋಗಿ ತಂದ. ಮೀಟರಿನ ಕೆಳಗೆ, ಗೋಡೆಗೆ ತಾಗಿಸಿ ಅದನ್ನು ನೆಟ್ಟಗೆ ನಿಲ್ಲಿಸಿದೆವು. ತಲೆಪಟ್ಟಿಯನ್ನು ಅದರ ತುದಿಯ ಮೇಲೆ ಇಳಿಸಿದಾಗ ಕಿಂಡಿಯಲ್ಲಿ ಕಂಡದ್ದು 101.2. ಎರಡನೇ ಕೋಣೆಯಲ್ಲಿ ಅದೇ ಕಡ್ಡಿ ಸರಿಯಾಗಿ 100.0 ತೋರಿಸಿತು.

ಈ ಗೋಡೆಯ ಮೀಟರನ್ನು ಹಾಕುವ ಕ್ರಮ ಹೀಗಿದೆ. ತಲೆಪಟ್ಟಿಯನ್ನು ನೆಲದ ಮೇಲಿಟ್ಟು, ಕಿಂಡಿಯಲ್ಲಿ ಸೊನ್ನೆ ಕಾಣುವವರೆಗೆ ಟೇಪನ್ನು ಮೇಲಕ್ಕೆ ಎಳೆದು, ಅದರ ತುದಿಯನ್ನು ಗೋಡೆಗೆ ಮೊಳೆ ಹೊಡೆದು ನಿಲ್ಲಿಸುತ್ತಾರೆ. ಆಗ ಮೊಳೆ ನೆಲದಿಂದ ಸರಿಯಾಗಿ ಎರಡು ಮೀಟರ್ ಮೇಲಿರುತ್ತದೆ. ಅಂದರೆ ಉಪಕರಣ ಅಳೆಯುವುದು ಮೊಳೆಯಿಂದ ಮಗುವಿನ ನೆತ್ತಿಯವರೆಗಿನ ಅಂತರವನ್ನು. ಅದನ್ನು 200ರಿಂದ ಕಳೆದ ಸಂಖ್ಯೆ ಕಿಂಡಿಯಲ್ಲಿ ಕಾಣುತ್ತದೆ. ನೆಲ ಇದ್ದಲ್ಲೇ ಇದೆ ಎಂದು ಅದು ನಂಬಿಕೊಂಡಿರುತ್ತದೆ. ಅಂಗನವಾಡಿ ಟೀಚರ್ ನೆಲದ ಕಡೆ ಬೆರಳು ತೋರಿಸಿದರು. ‘ಹೋದ ವರ್ಷ ಟೈಲ್ಸ್ ಹಾಕ್ಯಾರ್ರೀ. ಮೀಟರ್ ಅದಕ್ಕೂ ಮೊದ್ಲಿಂದ ಗ್ವಾಡಿ ಮ್ಯಾಲೆ ಐತಿ.’ ಹಳೆಯ ಗಚ್ಚಿನ ಮೇಲೆಯೇ ಟೈಲ್ಸ್ ಅಂಟಿಸಿದ್ದರು. ನೆಲ 1.2 ಸೆಂಟಿಮೀಟರ್ ಮೇಲೆ ಬಂತು, ಮೊಳೆ ಅಲ್ಲೇ ಉಳಿಯಿತು. ಅಂದಿನಿಂದ ಆ ಕೋಣೆಯಲ್ಲಿ ಅಳೆದ ಪ್ರತಿ ಮಗುವೂ ಕಾಗದದ ಮೇಲೆ ಅಷ್ಟು ಎತ್ತರವಾಗಿದೆ.

ಟೀಚರ್ ತಮ್ಮ ರಿಜಿಸ್ಟರನ್ನು ತಂದು ಬಿಡಿಸಿ ಕೂತರು. ಮೂರರಿಂದ ನಾಲ್ಕು ವರ್ಷದೊಳಗೆ ಮಗು ಬೆಳೆಯುವುದು ಏಳೂವರೆ ಸೆಂಟಿಮೀಟರಿನಷ್ಟು, ಅಂದರೆ ತಿಂಗಳಿಗೆ ಸುಮಾರು ಆರು ಮಿಲಿಮೀಟರ್. ಟೈಲ್ಸ್ ಹಾಕಿದ ಮರುತಿಂಗಳಲ್ಲಿ ಬಹುತೇಕ ಎಲ್ಲ ಮಕ್ಕಳೂ ಒಂದೇ ಜಿಗಿತದಲ್ಲಿ ಎರಡು ಸೆಂಟಿಮೀಟರಿನ ಹತ್ತಿರ ಬೆಳೆದಿದ್ದರು. ಮುಂದಿನ ತಿಂಗಳಿಂದ ಮತ್ತೆ ಮೊದಲಿನ ವೇಗ. ಎಲ್ಲ ಮಕ್ಕಳಿಗೂ ಒಟ್ಟಿಗೆ ಇಂಥ ಜಿಗಿತ ಬಂದಿದ್ದರೆ ಕಾರಣವನ್ನು ಮಕ್ಕಳಲ್ಲಿ ಹುಡುಕಬಾರದು, ನೆಲದಲ್ಲೋ ಗೋಡೆಯಲ್ಲೋ ಹುಡುಕಬೇಕು. ಆ ಪುಟ ನೋಡುತ್ತ ಟೀಚರ್ ಮುಖ ಸಪ್ಪಗಾಯಿತು. ಅವರದು ಇದರಲ್ಲಿ ಯಾವ ತಪ್ಪೂ ಇಲ್ಲ. ಟೈಲ್ಸ್ ಹಾಕಿದವರಿಗೆ ಮೀಟರ್ ಬಗ್ಗೆ ಗೊತ್ತಿಲ್ಲ, ಮೀಟರ್ ಕೊಟ್ಟವರು ಮತ್ತೆ ಬಂದು ನೋಡಿಲ್ಲ. ಪ್ರತಿ ತಿಂಗಳೂ ತಪ್ಪದೆ, ಒಂದು ಮಗುವನ್ನೂ ಬಿಡದೆ ಅಳೆದು ಬರೆದ ಅವರ ರಿಜಿಸ್ಟರ್ ಇದ್ದುದರಿಂದಲೇ ಈ ತಪ್ಪು ಯಾವಾಗ ಶುರುವಾಯಿತೆಂದು ನಮಗೆ ತಿಳಿಯಿತು.

ಹುಡುಗಿಯ ಲೆಕ್ಕ ಈಗ ಕೂಡಿಬಂತು. 1.8ರಲ್ಲಿ 0.5 ಜುಟ್ಟಿನದು, 1.2 ಟೈಲ್ಸಿನದು. ಉಳಿದ ಒಂದು ಮಿಲಿಮೀಟರ್ ಯಾರು ಎಷ್ಟೇ ಜಾಗ್ರತೆ ವಹಿಸಿದರೂ ಉಳಿಯುವಂಥದ್ದು. ಅವಳ ಎತ್ತರ 86.9. ಅವಳ ಹೆಸರನ್ನು ಪಟ್ಟಿಗೆ ಸೇರಿಸಿದೆವು.

ಟೈಲ್ಸಿನ ತಪ್ಪಿಗೆ ಪರಿಹಾರ ಇದೆ. ಮೊದಲ ಕೋಣೆಯ ಎಲ್ಲ ಅಳತೆಗಳಿಂದ 1.2 ಕಳೆದರೆ ಆಯಿತು. ಮಧ್ಯಾಹ್ನ ಅದನ್ನೇ ಮಾಡಿದೆವು, ಮೊಳೆಯನ್ನೂ ಕಿತ್ತು ಸರಿಯಾದ ಜಾಗಕ್ಕೆ ಹೊಡೆಸಿದೆವು. ಆದರೆ ಜುಟ್ಟಿನ ಲೆಕ್ಕವನ್ನು ಹಾಗೆ ಕಳೆಯಲು ಬರುವುದಿಲ್ಲ. ಯಾವ ಮಗುವಿಗೆ ಜುಟ್ಟಿತ್ತು, ಯಾವುದು ಅಳುತ್ತ ಮೊಣಕಾಲು ಮಡಚಿತು, ಯಾವುದರ ಗಲ್ಲ ಮೇಲಿತ್ತು ಎಂದು ರಿಜಿಸ್ಟರಿನಲ್ಲಿ ಬರೆದಿರುವುದಿಲ್ಲ.

ವಯಸ್ಸಿನ ತಪ್ಪು ಇದಕ್ಕಿಂತ ದೊಡ್ಡದು. ಎತ್ತರವನ್ನು ವಯಸ್ಸಿಗೆ ಹೋಲಿಸುವುದರಿಂದ ವಯಸ್ಸು ತಪ್ಪಿದರೆ ಎತ್ತರ ತಪ್ಪಿದಂತೆಯೇ. ಇವತ್ತು ಒಬ್ಬ ತಾಯಿಯನ್ನು ‘ಮಗನಿಗೆ ಎಷ್ಟು ವರ್ಷ?’ ಎಂದು ಕೇಳಿದಾಗ ‘ನಾಕರಾಗ ಬಿದ್ದೈತ್ರೀ’ ಎಂದರು. ರಿಜಿಸ್ಟರಿನಲ್ಲಿ 4 ಎಂದು ದಾಖಲಾಯಿತು. ಹುಡುಗನ ಎತ್ತರ 91 ಸೆಂಟಿಮೀಟರ್. ನಾಲ್ಕು ತುಂಬಿದ ಗಂಡುಮಗುವಿಗೆ ಕುಂಠಿತದ ಗೆರೆ 94.9, ತೀವ್ರ ಕುಂಠಿತದ ಗೆರೆ 90.7. ಅಂದರೆ ಮಗು ತೀವ್ರ ಕುಂಠಿತದ ಅಂಚಿನಲ್ಲಿದೆ ಎಂದು ಅರ್ಥ. ಹುಡುಗ ನೋಡಲು ಗಟ್ಟಿಮುಟ್ಟಾಗಿದ್ದ, ಹಾಗಾಗಿ ತಾಯಿ ಕಾರ್ಡ್ ಕೇಳಿ ಜನ್ಮದಿನಾಂಕ ನೋಡಿದೆವು. ಅವನಿಗೆ ಮೂರು ತುಂಬಿ ಒಂದು ವಾರವಾಗಿತ್ತಷ್ಟೆ. ನಾಲ್ಕನೇ ವರ್ಷ ಶುರುವಾಗಿದೆ ಎಂದೇ ತಾಯಿ ಹೇಳಿದ್ದು, ಅವರು ಹೇಳಿದ್ದು ನೂರಕ್ಕೆ ನೂರು ಸರಿ, ಬರೆದುಕೊಂಡದ್ದು ತಪ್ಪು. ಮೂರು ವರ್ಷದ ಗಂಡುಮಗುವಿಗೆ ಗೆರೆ ಇರುವುದು 88.7ಕ್ಕೆ. 91 ಇರುವ ಹುಡುಗ ಅದರ ಮೇಲೆ ಆರಾಮಾಗಿದ್ದಾನೆ. ಎತ್ತರವನ್ನು ಮಿಲಿಮೀಟರಿನವರೆಗೆ ಸರಿಯಾಗಿ ಅಳೆದು, ವಯಸ್ಸಿನ ಕಾಲಂನಲ್ಲಿ ಒಂದು ಪೂರ್ಣಾಂಕ ಬರೆದುಬಿಟ್ಟರೆ ಆ ಶ್ರಮವೆಲ್ಲ ವ್ಯರ್ಥ. ಆ ಕಾಲಂನಲ್ಲಿ ಜನ್ಮದಿನಾಂಕವನ್ನೇ ಬರೆಯಬೇಕು, ತಿಂಗಳ ಲೆಕ್ಕ ಅದರಿಂದ ತಾನಾಗಿ ಬರುತ್ತದೆ.

ಎರಡು ವರ್ಷದ ಗಡಿಯಲ್ಲಿ ವಯಸ್ಸಿನ ತಪ್ಪಿಗೆ ಇನ್ನೊಂದು ಪರಿಣಾಮವಿದೆ. ಎರಡು ತುಂಬದ ಮಗುವನ್ನು ಇನ್‌ಫ್ಯಾಂಟೋಮೀಟರಿನಲ್ಲಿ ಮಲಗಿಸಿ ಅಳೆಯಬೇಕು, ತುಂಬಿದ ಮಗುವನ್ನು ನಿಲ್ಲಿಸಿ. ಮಲಗಿದಾಗ ಮಗು ಸುಮಾರು 0.7 ಸೆಂಟಿಮೀಟರ್ ಉದ್ದ ಬರುತ್ತದೆ. ಮಲಗಲು ಒಪ್ಪದ ಸಣ್ಣ ಮಗುವನ್ನು ನಿಲ್ಲಿಸಿ ಅಳೆದರೆ 0.7 ಕೂಡಿಸಬೇಕು, ನಿಲ್ಲಲಾರದ ದೊಡ್ಡ ಮಗುವನ್ನು ಮಲಗಿಸಿದರೆ 0.7 ಕಳೆಯಬೇಕು. ಹೇಗೆ ಅಳೆದದ್ದು ಎಂದು ಬರೆದಿಡದಿದ್ದರೆ ಆಮೇಲೆ ಯಾರಿಗೂ ತಿಳಿಯುವುದಿಲ್ಲ.

ಸಂಜೆ ಊಟಕ್ಕೆ ಕೂತಾಗ ಸಹಪಾಠಿಯೊಬ್ಬರು ಒಂದು ಮಾತು ಹೇಳಿದರು: ‘ಒಬ್ಬರದು ಅರ್ಧ ಹೆಚ್ಚು, ಇನ್ನೊಬ್ಬರದು ಅರ್ಧ ಕಡಿಮೆ. ಇಷ್ಟೊಂದು ಮಕ್ಕಳಲ್ಲಿ ಒಂದಕ್ಕೊಂದು ವಜಾ ಆಗಿ ಲೆಕ್ಕ ಸರಿಹೋಗುತ್ತೆ.’ ಬಹಳ ಜನ ಹೀಗೇ ನಂಬಿದ್ದಾರೆ. ಸರಾಸರಿಯ ಮಟ್ಟಿಗೆ ಇದು ನಿಜ. ಆದರೆ ನಾವು ಜಿಲ್ಲೆಗೆ ಕಳಿಸುವುದು ಸರಾಸರಿಯಲ್ಲ, ಗೆರೆಯ ಕೆಳಗೆ ಎಷ್ಟು ಮಕ್ಕಳಿದ್ದಾರೆ ಎಂಬ ಎಣಿಕೆ. ಅಲ್ಲಿ ತಪ್ಪುಗಳು ವಜಾ ಆಗುವುದಿಲ್ಲ.

ಯಾಕೆಂದರೆ ಗೆರೆಯ ಎರಡೂ ಬದಿಯಲ್ಲಿ ಮಕ್ಕಳ ಸಂಖ್ಯೆ ಸಮನಾಗಿಲ್ಲ. ಹೆಚ್ಚಿನ ಮಕ್ಕಳು ನಡುವೆ ಗುಂಪಾಗಿರುತ್ತಾರೆ, ಕೆಳಗೆ ಹೋದಂತೆ ವಿರಳವಾಗುತ್ತಾರೆ. ಹಾಗಾಗಿ ಗೆರೆಯ ತುಸು ಮೇಲೆ ನಿಂತವರು ಜಾಸ್ತಿ, ತುಸು ಕೆಳಗೆ ನಿಂತವರು ಕಡಿಮೆ. ತಪ್ಪು ಅಳತೆ ಎಲ್ಲರನ್ನೂ ಸಮಾನವಾಗಿ ಆಚೀಚೆ ತಳ್ಳಿದರೂ ಮೇಲಿನಿಂದ ಕೆಳಗೆ ಬೀಳುವವರು ಹೆಚ್ಚು, ಕೆಳಗಿನಿಂದ ಮೇಲೆ ಹೋಗುವವರು ಕಡಿಮೆ. ನಿವ್ವಳವಾಗಿ ಪಟ್ಟಿ ಉದ್ದವಾಗುತ್ತದೆ.

ಎಷ್ಟು ಉದ್ದವಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದೆ. ಮಗುವಿನ ಎತ್ತರ ಮಧ್ಯಮ ಎತ್ತರದಿಂದ ಎಷ್ಟು ದೂರವಿದೆ ಎಂಬುದನ್ನು ಝಡ್ ಸ್ಕೋರ್ ಎಂಬ ಅಂಕದಲ್ಲಿ ಹೇಳುತ್ತಾರೆ. ಮಧ್ಯಮದಲ್ಲಿದ್ದರೆ ಸೊನ್ನೆ, ಮೈನಸ್ 2ಕ್ಕಿಂತ ಕೆಳಗಿದ್ದರೆ ಕುಂಠಿತ, ಮೈನಸ್ 3ಕ್ಕಿಂತ ಕೆಳಗಿದ್ದರೆ ತೀವ್ರ ಕುಂಠಿತ. ಒಂದು ಊರಿನ ಮಕ್ಕಳ ಸರಾಸರಿ ಮೈನಸ್ 1, ಅಂಕಗಳ ಹರವು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 1 ಎಂದು ಇಟ್ಟುಕೊಳ್ಳೋಣ. ಆಗ ನೂರರಲ್ಲಿ ಸುಮಾರು 16 ಮಕ್ಕಳು ಕುಂಠಿತ, 2 ಮಕ್ಕಳು ತೀವ್ರ ಕುಂಠಿತ. ಈಗ ಅದೇ ಮಕ್ಕಳನ್ನು ಅವಸರದಲ್ಲಿ ಅಳೆದು, ವಯಸ್ಸನ್ನು ಅಂದಾಜಿನಲ್ಲಿ ಬರೆದ ಕಾರಣ ಹರವು 1.3ಕ್ಕೆ ಏರಿತು ಎನ್ನಿ. ಸರಾಸರಿ ಅದೇ ಮೈನಸ್ 1. ಆದರೆ ಕುಂಠಿತ ಮಕ್ಕಳು 22 ಆಗುತ್ತಾರೆ, ತೀವ್ರ ಕುಂಠಿತರು 6 ಆಗುತ್ತಾರೆ. ಒಂದು ಮಗುವಿನ ಊಟದಲ್ಲೂ ಏನೂ ಬದಲಾಗಿಲ್ಲ, ತೀವ್ರ ಕುಂಠಿತರ ಸಂಖ್ಯೆ ಹೆಚ್ಚುಕಡಿಮೆ ಮೂರುಪಟ್ಟಾಗಿದೆ. ಜೊತೆಗೆ ನಿಜವಾಗಿ ಗೆರೆಯ ಕೆಳಗಿದ್ದ ಕೆಲವು ಮಕ್ಕಳು ಪಟ್ಟಿಯಿಂದ ಹೊರಗೂ ಬಿದ್ದಿರುತ್ತಾರೆ. ಅವರಿಗೆ ಸಿಗಬೇಕಾದ ಗಮನ ಬೇರೆಯವರಿಗೆ ಹೋಗುತ್ತದೆ. ನನಗೆ ಹೆಚ್ಚು ಸಂಕಟವಾಗುವುದು ಇವರ ಬಗ್ಗೆ.

ಈ ಹರವೇ ತಪ್ಪನ್ನು ಹಿಡಿಯುವ ದಾರಿಯೂ ಹೌದು. ಎತ್ತರ ಅಳೆದು ಮುಗಿದ ಮೇಲೆ ಎಲ್ಲ ಮಕ್ಕಳ ಝಡ್ ಸ್ಕೋರುಗಳ ಹರವು ಲೆಕ್ಕ ಹಾಕಿ. ಅದು 1ರ ಹತ್ತಿರವಿದ್ದರೆ ಅಳತೆ ಬಹುಮಟ್ಟಿಗೆ ನಂಬಬಹುದು. 1.3 ದಾಟಿದರೆ ಮಕ್ಕಳಿಗಿಂತ ಮೊದಲು ಅಳತೆಯನ್ನು ಅನುಮಾನಿಸಬೇಕು. ಆದರೆ ಟೈಲ್ಸಿನಂಥ ತಪ್ಪು ಇದರಲ್ಲಿ ಸಿಕ್ಕುವುದಿಲ್ಲ. ಅದು ಎಲ್ಲರನ್ನೂ ಒಟ್ಟಿಗೆ ಸರಿಸುತ್ತದೆ, ಹರವು ಬದಲಾಗದು. ಅದಕ್ಕೆ ಮೀಟರ್ ಕಡ್ಡಿಯೇ ಬೇಕು.

ಇನ್ನೊಂದು ಪರೀಕ್ಷೆಗೆ ಲೆಕ್ಕಾಚಾರವೂ ಬೇಡ. ಎತ್ತರದ ಕೊನೆಯ ಅಂಕಿಯನ್ನು ನೋಡಿದರೆ ಸಾಕು. 0ಯಿಂದ 9ರವರೆಗಿನ ಪ್ರತಿ ಅಂಕಿಯೂ ಹತ್ತರಲ್ಲಿ ಒಂದು ಸಲ ಬರಬೇಕು. ಇವತ್ತಿನ ರಿಜಿಸ್ಟರಿನಲ್ಲಿ ಮೊದಲ ಗಂಟೆಯ ಅಳತೆಗಳು ಎಲ್ಲ ಅಂಕಿಗಳಲ್ಲೂ ಹಂಚಿಹೋಗಿವೆ. ಹನ್ನೊಂದರ ಹೊತ್ತಿಗೆ ಸಾಲು ಅಂಗಳ ದಾಟಿ ರಸ್ತೆಗೆ ಬಂದಿತ್ತು. ಅಲ್ಲಿಂದ ಮುಂದೆ ಅರ್ಧಕ್ಕಿಂತ ಹೆಚ್ಚು ಎತ್ತರಗಳು ಸೊನ್ನೆ ಅಥವಾ ಐದರಲ್ಲಿ ಮುಗಿದಿವೆ. ಅವಸರ ಎಷ್ಟು ಗಂಟೆಗೆ ಶುರುವಾಯಿತು ಎಂಬುದನ್ನು ಆ ಕಾಲಂ ನೋಡಿಯೇ ಹೇಳಬಹುದು. ಅರ್ಧ ಸೆಂಟಿಮೀಟರಿಗೆ ಸರಿಸಿ ಬರೆಯುವುದರಿಂದ ಆಗುವ ತಪ್ಪು ಸಣ್ಣದೇ. ಆದರೆ ಕೊನೆಯ ಗೆರೆಯನ್ನು ಓದಲು ವ್ಯವಧಾನವಿಲ್ಲದವರಿಗೆ ಜುಟ್ಟು ಬಿಚ್ಚಿಸಲು, ಮೊಣಕಾಲು ಹಿಡಿಯಲು ವ್ಯವಧಾನ ಇತ್ತೇ ಎಂಬ ಅನುಮಾನ ಅಲ್ಲಿಂದಲೇ ಹುಟ್ಟುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಕೋಷ್ಟಕಕ್ಕಾಗಿ ಮಕ್ಕಳನ್ನು ಅಳೆದವರು ಒಂದು ನಿಯಮ ಪಾಲಿಸಿದ್ದರು. ಇಬ್ಬರು ಪ್ರತ್ಯೇಕವಾಗಿ, ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ತಿಳಿಯದಂತೆ ಅಳೆಯಬೇಕು. ಇಬ್ಬರ ಅಳತೆಯಲ್ಲಿ 7 ಮಿಲಿಮೀಟರಿಗಿಂತ ಹೆಚ್ಚು ಅಂತರ ಬಂದರೆ ಇಬ್ಬರೂ ಮತ್ತೆ ಅಳೆಯಬೇಕು. ಮಧ್ಯಾಹ್ನದ ಮೇಲೆ ನಾವೂ ಹೀಗೇ ಮಾಡಿದೆವು. ಕೆಲಸ ನಿಧಾನವಾಯಿತು, ಸಾಲಿನಲ್ಲಿದ್ದ ಕೆಲವು ಮಕ್ಕಳಿಗೆ ನಾಳೆ ಬರಲು ಹೇಳಬೇಕಾಯಿತು. ಶಿಬಿರದ ವರದಿಯಲ್ಲಿ ‘ತಪಾಸಣೆಗೊಂಡ ಮಕ್ಕಳ ಸಂಖ್ಯೆ’ ಎಂಬ ಸಾಲಿಗೆ ಬಹಳ ಬೆಲೆ ಇದೆ, ಆ ಸಂಖ್ಯೆ ಇವತ್ತು ಕಡಿಮೆಯಾಗಿದೆ. ನೂರು ಮಕ್ಕಳನ್ನು ಒಮ್ಮೊಮ್ಮೆ ಅಳೆಯುವುದಕ್ಕಿಂತ ಐವತ್ತು ಮಕ್ಕಳನ್ನು ಎರಡೆರಡು ಸಲ ಅಳೆಯುವುದು ಮೇಲು ಎಂದೇ ನನ್ನ ತೀರ್ಮಾನ. ಮೊದಲನೆಯದರಲ್ಲಿ ಯಾವ ಮಗುವಿನ ಸಂಖ್ಯೆಯನ್ನು ನಂಬಬೇಕೋ ತಿಳಿಯುವುದಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಕುಂಠಿತ ಮಕ್ಕಳ ಪ್ರಮಾಣ 2015-16ರಲ್ಲಿ ಶೇ 36.2 ಇತ್ತು, 2019-21ರಲ್ಲಿ ಶೇ 35.4 ಆಯಿತು. ಇಳಿಕೆ ಒಂದು ಶೇಕಡಾ ಅಂಶಕ್ಕೂ ಕಡಿಮೆ. ಅಲ್ಲಿ ತರಬೇತಿ ಪಡೆದವರು ಅಳೆಯುತ್ತಾರೆ, ಅದನ್ನು ನಮ್ಮ ಶಿಬಿರಕ್ಕೆ ಹೋಲಿಸುವಂತಿಲ್ಲ. ಆದರೆ ಹರವು 1ರಿಂದ 1.3ಕ್ಕೆ ಹೋದರೆ 16 ಇದ್ದದ್ದು 22 ಆಗುತ್ತದೆ ಎಂದು ತಿಳಿದ ಮೇಲೆ, ಊರಿನದಾಗಲಿ ತಾಲ್ಲೂಕಿನದಾಗಲಿ ಶೇಕಡಾ ಒಂದೆರಡರ ಏರಿಳಿತ ನೋಡಿ ಯೋಜನೆ ಗೆದ್ದಿತು, ಸೋತಿತು ಎಂದು ಹೇಳುವ ಮೊದಲು ಅಳತೆ ಹೇಗೆ ಮಾಡಿದರು ಎಂದು ಕೇಳಲೇಬೇಕು.

ಈ ಪುಟಗಳನ್ನು ಪತ್ರಿಕೆಗೆ ಕೊಡುತ್ತಿರುವುದು ಎರಡು ಕೋರಿಕೆಗಾಗಿ. ಮಕ್ಕಳನ್ನು ಶಿಬಿರಕ್ಕೋ ಅಂಗನವಾಡಿಗೋ ಕರೆತರುವ ತಾಯಂದಿರೇ, ಅಜ್ಜಿಯರೇ, ಆ ದಿನ ಜುಟ್ಟು ಕಟ್ಟಬೇಡಿ, ತಾಯಿ ಕಾರ್ಡ್ ಮರೆಯದೆ ತನ್ನಿ, ಎತ್ತರವನ್ನು ಇನ್ನೊಂದು ಸಲ ನೋಡಿ ಎಂದು ಕೇಳಲು ಹಿಂಜರಿಯಬೇಡಿ. ಶಿಬಿರ ನಡೆಸುವವರೇ, ಮೊದಲ ಮಗುವನ್ನು ನಿಲ್ಲಿಸುವ ಮುನ್ನ ಮೀಟರಿನ ಕೆಳಗೆ ಒಂದು ಮೀಟರಿನ ಕಡ್ಡಿ ನಿಲ್ಲಿಸಿ ನೋಡಿ. ಅದು ಊರಿನ ಬಟ್ಟೆ ಅಂಗಡಿಯಲ್ಲೇ ಸಿಗುತ್ತದೆ.